ಪ್ರಗತಿ ಪತ್ರದಲ್ಲಿ ಆ ಹುಡುಗನ ಬಗ್ಗೆ ಏನ್ ಬರೀಬೇಕು ಅಂತ ಕೇಳಿದ್ಯಲ್ಲ

ಶಿಡ್ಲಘಟ್ಟ

ಪುಟ್ಟೀ,

ನೀನು ವಾಟ್ಸಾಪಲ್ಲಿ ಕಳಿಸಿದ ಆ ಹುಡುಗನ ಗಣಿತದ ಪೇಪರ್ ಫೋಟೋ ಎಲ್ಲಾ ನೋಡ್ದೆ, ಕನ್ನಡಕ ಹಾಕ್ಕೊಂಡು ದೊಡ್ಡದು ಮಾಡಿ ಮಾಡಿ ನೋಡ್ದೆ, ಫೋನಲ್ಲಿ ಹೇಳಿದ್ರೆ ನೀನು ಹೂಂ ಹೂಂ ಅಂದು ಮರೀತೀಯ ಅಂತ ಕೂತ್ಕೊಂಡು ಟೈಪ್ ಮಾಡ್ತಿದೀನಿ, ಬೆರಳು ಎಲ್ಲೆಲ್ಲೋ ಬಿದ್ರೆ ನೀನೇ ಸರಿ ಮಾಡ್ಕೊಂಡು ಓದ್ಕೋ.

ಮೊದ್ಲು ನೀನು ಬರ್ದಿರೋ ಸಾಲು. "ತುಂಬಾ ಪ್ರಯತ್ನ ಪಡುತ್ತಾನೆ, ಆದರೆ ಅಂಕಗಳು ಕಡಿಮೆ, ಇನ್ನೂ ಹೆಚ್ಚು ಓದಬೇಕು." ಇದನ್ನ ಅವರಪ್ಪನ ಕಣ್ಣಲ್ಲಿ ಒಂದ್ಸಲ ಓದು. "ಆದರೆ" ಬಂದ ತಕ್ಷಣ ಅದಕ್ಕೆ ಮುಂಚೆ ಇದ್ದಿದ್ದೆಲ್ಲಾ ಹೋಯ್ತು, ಉಳಿದಿದ್ದು "ಇನ್ನೂ ಓದಬೇಕು" ಅಷ್ಟೇ, ಅಂದ್ರೆ ನನ್ಮಗ ಓದ್ತಿಲ್ಲ ಅಂತ. ಇನ್ನು ಹುಡುಗಂಗೆ ಏನ್ ಅರ್ಥ ಆಗುತ್ತೆ? ನಾಲ್ಕು ತಿಂಗಳು ಒದ್ದಾಡಿದ್ದು ಮಿಸ್ಸಿಗೆ ಸಾಲ್ಲಿಲ್ಲ ಅಂತ. ಇನ್ನೂ ಜಾಸ್ತಿ ಮಾಡು ಅಂದ್ರೆ ಅವನು ಅದೇ ತಪ್ಪನ್ನೇ ಜಾಸ್ತಿ ಸಲ ಮಾಡ್ತಾನೆ, ಏನು ಜಾಸ್ತಿ ಮಾಡ್ಬೇಕು ಅಂತ ನೀನು ಹೇಳೇ ಇಲ್ವಲ್ಲ.

ಈಗ ಪೇಪರ್ ವಿಷಯಕ್ಕೆ ಬರ್ತೀನಿ. ಜೂನಲ್ಲಿ ಸೇತುಬಂಧದ ಪೂರ್ವ ಪರೀಕ್ಷೇಲಿ 20ಕ್ಕೆ 3, ಈಗ 20ಕ್ಕೆ 5. ಶೇಕಡ 30ಕ್ಕಿಂತ ಕಮ್ಮಿ ಬಂದ್ರೆ ಸಿ ಗ್ರೇಡು, ಆಗ್ಲೂ ಸಿ ಈಗ್ಲೂ ಸಿ, ಗ್ರೇಡ್ ನೋಡಿದೋರಿಗೆ ಈ ಹುಡುಗ ಜಾಗ ಬಿಟ್ಟು ಕದಲೇ ಇಲ್ಲ ಅನ್ಸುತ್ತೆ. ಆದ್ರೆ ಜೂನ್ ಪೇಪರಲ್ಲಿ 15 ಲೆಕ್ಕದಲ್ಲಿ 4 ಮಾತ್ರ ಮುಟ್ಟಿದಾನೆ, ಮಿಕ್ಕ 11 ಖಾಲಿ. ಈಗಿನ ಪೇಪರಲ್ಲಿ ಒಂದೂ ಖಾಲಿ ಬಿಟ್ಟಿಲ್ಲ. ಅದೇ ನಿನ್ನ ಮೊದಲ್ನೇ ಸಾಲು, ಯಾರು ಬೇಕಾದ್ರೂ ಎಣಿಸಿ ನೋಡ್ಕೋಬೋದು. "ಪ್ರಯತ್ನ" ಅನ್ನೋ ಪದ ಬರೆಯೋದೇ ಬೇಡ, ಎಣಿಸಿ ತೋರಿಸು ಸಾಕು.

ಇನ್ನು ತಪ್ಪು. ಮಾರ್ಕ್ಸ್ ಹಾಕೋವಾಗ ನೀನು ಉತ್ತರ ಮಾತ್ರ ನೋಡಿದೀಯ ಅನ್ಸುತ್ತೆ. 312ನ್ನ 4ರಿಂದ ಭಾಗಿಸೋ ಲೆಕ್ಕ ತೆಗಿ. 31ರಲ್ಲಿ 4 ಎಷ್ಟು ಸಲ ಅಂದ್ರೆ 7 ಸಲ ಅಂತ ಮೇಲೆ ಬರ್ದಿದಾನೆ, ಸರಿ. ಕೆಳಗೆ 28 ಬರ್ದಿದಾನೆ, ಅದೂ ಸರಿ. ಜೂನಲ್ಲಿ ನಾಲ್ಕರ ಮಗ್ಗಿ ಬರದೇ ಇದ್ದ ಹುಡುಗ ಇವನು ಅಂತ ನೀನೇ ಹೇಳಿದ್ದೆ. ಆಮೇಲೆ 31ರಲ್ಲಿ 28 ಕಳೆದು 17 ಅಂತ ಬರ್ದಿದಾನೆ. ಯಾಕೆ 17? ಬಿಡಿಯಲ್ಲಿ 1ರಲ್ಲಿ 8 ಹೋಗಲ್ಲ, ಅದಕ್ಕೆ 8ರಲ್ಲೇ 1 ಕಳೆದು 7 ಅಂತ ಬರ್ಕೊಂಡ, ಹತ್ತರ ಸ್ಥಾನದಲ್ಲಿ 3ರಲ್ಲಿ 2 ಹೋಗಿ 1. ಮೇಲೆ ಕೆಳಗೆ ನೋಡದೆ ದೊಡ್ಡದ್ರಲ್ಲಿ ಚಿಕ್ಕದು ಕಳೆಯೋದು, ಐದನೇ ಕ್ಲಾಸಲ್ಲಿ ಈ ತಪ್ಪು ನನ್ನ ಸರ್ವೀಸಲ್ಲಿ ಎಷ್ಟು ನೋಡಿದೀನೋ ಲೆಕ್ಕ ಇಲ್ಲ. 2 ಇಳಿಸ್ಕೊಂಡ್ರೆ 172 ಆಯ್ತು, ಅದ್ರಲ್ಲಿ 4 ಎಷ್ಟು ಸಲ ಅಂತ ಮಗ್ಗೀಲಿ ಸಿಗಲ್ಲ, ಅಲ್ಲಿಗೆ ನಿಂತೋದ. 3 ಅಂತ ಬಂದಿದ್ರೆ 32, 4 ಎಂಟ್ಲಿ 32, ಉತ್ತರ 78, ಅಷ್ಟೂ ಅವನಿಗೆ ಬರೋ ಮಗ್ಗೀನೇ. ಅಂಥ ತಪ್ಪು ನಾನು ಎಣಿಸಿದಂಗೆ 10 ತಪ್ಪಲ್ಲಿ 7. ಅಂದ್ರೆ ಇವನಿಗೆ ಭಾಗಾಕಾರ ಬರಲ್ಲ ಅಂತಲ್ಲ, ಪಕ್ಕದ ಮನೆಯಿಂದ ಸಾಲ ತಗೊಂಡು ಕಳೆಯೋದು ಒಂದು ಬರಲ್ಲ, ಅದು ಕೈ ಕೊಟ್ಟಲ್ಲೆಲ್ಲಾ ಮಾರ್ಕ್ಸ್ ಹೋಗಿದೆ.

ಬರೆಯೋಕೆ ಮುಂಚೆ ಒಂದು ಕೆಲಸ ಮಾಡು. ನಾಳೆ ಅವನನ್ನ ಪಕ್ಕಕ್ಕೆ ಕರ್ದು ಬಾಯಲ್ಲಿ ಕೇಳು, ನಿನ್ಹತ್ರ 31 ಗೋಲಿ ಇತ್ತು, 28 ಸೋತೆ, ಎಷ್ಟು ಉಳೀತು ಅಂತ. 29, 30, 31 ಅಂತ ಎಣಿಸಿ 3 ಅಂದ್ರೆ ಅವನ ತಲೇಲಿ ಲೆಕ್ಕ ಸರಿಯಾಗಿದೆ, ಪೇಪರಲ್ಲಿ ಮೇಲೆ ಕೆಳಗೆ ಬರ್ದಾಗ ಮಾತ್ರ ಕೆಡ್ತಿದೆ, ಬರೆದಿದ್ದನ್ನ ಬಾಯಿ ಲೆಕ್ಕದ ಜೊತೆ ತಾಳೆ ನೋಡೋದು ಕಲಿಸಿದ್ರೆ ಬೇಗ ದಾರಿಗೆ ಬರುತ್ತೆ. ಬಾಯಲ್ಲೂ 17 ಅಂದ್ರೆ ಬೇರೆ ಕಥೆ, ಹತ್ತು ಹತ್ತು ಕಡ್ಡಿ ಕಟ್ಟು ಕಟ್ಟಿ, ಕಟ್ಟು ಬಿಚ್ಚಿ ಕಳೆಯೋದ್ರಿಂದ ಶುರು ಮಾಡ್ಬೇಕು, ಟೈಮ್ ಹಿಡಿಯುತ್ತೆ.

ಕಾರ್ಡಲ್ಲಿ ಜಾಗ ಮೂರು ನಾಲ್ಕು ಸಾಲು ಅಷ್ಟೇ, ಅದಕ್ಕೆ ನಾನು ಹೀಗೆ ಬರೀತಿದ್ದೆ: "ಜೂನ್‌ನಲ್ಲಿ 15 ಲೆಕ್ಕಗಳಲ್ಲಿ 4ನ್ನು ಮಾತ್ರ ಮಾಡಿದ್ದ, ಈಗ 15ನ್ನೂ ಮಾಡಿದ್ದಾನೆ. ನಾಲ್ಕರ ಮಗ್ಗಿ ಕಲಿತು ಭಾಗಾಕಾರದ ಮೊದಲ ಹೆಜ್ಜೆ ಸರಿಯಾಗಿ ಹಾಕುತ್ತಿದ್ದಾನೆ. ಸಾಲ ತೆಗೆದುಕೊಂಡು ಕಳೆಯುವುದು ತಪ್ಪುತ್ತಿರುವುದರಿಂದ ಅಂಕ ಕಡಿಮೆ ಬಂದಿದೆ. ದಿನಕ್ಕೆ 5 ಕಳೆಯುವ ಲೆಕ್ಕ ಶಾಲೆಯಲ್ಲೇ ಮಾಡಿಸುತ್ತೇನೆ." ಕೊನೇ ಪದ ನೋಡು, ಮಾಡಿಸುತ್ತೇನೆ. ಮಾಡಬೇಕು ಅಂತ ಬರ್ದ್ರೆ ಭಾರ ಎಲ್ಲಾ ಅವನ ಮೇಲೆ, ಮಾಡಿಸುತ್ತೇನೆ ಅಂದ್ರೆ ನೀನೂ ಸಿಕ್ಕಾಕ್ಕೊಂಡೆ (ಅದಕ್ಕೇ ಎಷ್ಟೋ ಜನ ಟೀಚರ್ ಬರೆಯಲ್ಲ).

ಪಾಪ ಅಂತ ಸಿ ಇದ್ದಿದ್ದನ್ನ ಬಿ ಮಾತ್ರ ಮಾಡ್ಬೇಡ. ಹೆಜ್ಜೆಗೆ ಅಂಕ ಕೊಡೋದಾದ್ರೆ ಇಡೀ ಕ್ಲಾಸಿಗೆ ಕೊಡು, ಇವನೊಬ್ಬನಿಗೆ ಬೇಡ.

ಇನ್ನೊಂದು, ನಾನೇ ಎಡವಿದ್ದು. ತುಂಬಾ ವರ್ಷದ ಹಿಂದೆ ಒಬ್ಬಳು ಹುಡುಗಿ ಇದ್ಲು, ನೋಟ್ ಬುಕ್ ಅಂದ್ರೆ ಮುತ್ತು ಪೋಣಿಸಿದ ಹಾಗೆ, ಒಂದಿನ ಹೋಂವರ್ಕ್ ತಪ್ಪಿಸ್ತಿರ್ಲಿಲ್ಲ. ಎರಡು ವರ್ಷ "ಶ್ರದ್ಧೆಯಿಂದ ಕಲಿಯುತ್ತಾಳೆ" ಅಂತ ಬರ್ದೆ. ಆಮೇಲೆ ಒಂದಿನ ಬೇರೆ ಪುಸ್ತಕ ಕೊಟ್ಟು ಓದ್ಸಿದ್ರೆ ಒಂದು ಸಾಲು ಓದೋಕೆ ಬರ್ಲಿಲ್ಲ, ಅಷ್ಟು ದಿನ ಬೋರ್ಡ್ ನೋಡಿ ಚಿತ್ರ ಬಿಡಿಸಿದ ಹಾಗೆ ಅಕ್ಷರ ಇಳಿಸ್ತಿದ್ಲು. ಅವಳ ಶ್ರಮ ಸುಳ್ಳಲ್ಲ, ನಾನು ನೋಡಿದ ಜಾಗ ತಪ್ಪು. ಈ ಹುಡುಗನ ವಿಷಯದಲ್ಲಿ ಮಗ್ಗಿ ಬಂದಿದೆ ಅಂತ ಪೇಪರೇ ಹೇಳ್ತಿದೆ, ಅದಕ್ಕೇ ನಾನು ಧೈರ್ಯವಾಗಿ ಬರಿ ಅಂತಿರೋದು.

ಹಾಜರಿ ಕಮ್ಮಿ ಅಂತಾನೂ ಬರೆಯೋಕೆ ಹೊರಟಿದ್ಯಲ್ಲ, ಅವನು ಬರದೇ ಇದ್ದ ಆ ಒಂದು ವಾರ ಯಾವ್ದು ನೋಡಿದ್ಯಾ? ಅವರ ಮನೇಲಿ ರೇಷ್ಮೆ ಹುಳ ಸಾಕ್ತಾರೆ ಅಂದೆ. ನಾಲ್ಕನೇ ಜ್ವರ, ಅಂದ್ರೆ ನಾಲ್ಕನೇ ಸಲ ಪೊರೆ ಬಿಟ್ಟು ಎದ್ದ ಮೇಲೆ, ಗೂಡು ಕಟ್ಟೋಕೆ ಹಣ್ಣಾಗೋವರ್ಗೂ ಸುಮಾರು ಒಂದು ವಾರ ಹುಳ ಹಗಲು ರಾತ್ರಿ ಮೇಯುತ್ತೆ, ಇಡೀ ಬೆಳೆಯ ಸೊಪ್ಪಲ್ಲಿ ಮುಕ್ಕಾಲು ಪಾಲಿಗಿಂತ ಜಾಸ್ತಿ ಆ ವಾರಾನೇ ಖರ್ಚು, ಮನೇಲಿರೋ ಎಲ್ಲಾ ಕೈನೂ ಸೊಪ್ಪಿಗೆ ಬೇಕು. ವಾಪಸ್ ಬಂದೋನು ಪಕ್ಕದೋನ ನೋಟ್ಸ್ ತಗೊಂಡು ತಾನೇ ಬರ್ಕೊಂಡ ಅಂತ ನೀನೇ ಅಂದ್ಯಲ್ಲ, ಬರೆಯೋದಾದ್ರೆ ಅದನ್ನ ಬರಿ.

ಸಮುದಾಯದತ್ತ ಶಾಲೆ ದಿನ ಅವರಪ್ಪ ಬಂದಾಗ ಕಾರ್ಡ್ ಕೈಗಿಟ್ಟು ಸೈನ್ ಹಾಕಿ ಅನ್ಬೇಡ. ಚಿಂತಾಮಣಿ ಕಡೆ ಮನೆ ಮಾತು ತೆಲುಗು, ಕನ್ನಡ ಮಾತಾಡಿದ್ರೂ ಓದೋಕೆ ಕಷ್ಟ ಇರ್ಬೋದು, ಅವರು ನೋಡೋದು ಆ ಸಿ ಒಂದನ್ನೇ. ಎರಡೂ ಪೇಪರ್ ಪಕ್ಕಪಕ್ಕ ಇಟ್ಟು ತೆಲುಗಲ್ಲೇ ಹೇಳು, ಜೂನಿನ ಖಾಲಿ ಜಾಗ ಬೆರಳಿಟ್ಟು ತೋರ್ಸು. ಹುಡುಗಂಗೆ ಮಾತ್ರ ಅದಕ್ಕೂ ಮುಂಚೆ, ಮಾರ್ಕ್ಸ್ ಹೇಳದೆ ಈ ನಾಲ್ಕು ಸಾಲು ಓದ್ಸು. ಇಸ್ರೇಲಲ್ಲಿ ರೂತ್ ಬಟ್ಲರ್ ಅನ್ನೋರು 1988ರಲ್ಲಿ ಐದು ಆರನೇ ಕ್ಲಾಸ್ ಮಕ್ಕಳ ಮೇಲೆ ಇದನ್ನೇ ನೋಡಿದ್ರು, ಬರೀ ಮಾತು ಬರ್ದು ಕೊಟ್ಟ ಮಕ್ಕಳಿಗೆ ಆಸಕ್ತಿ ಉಳೀತು, ಮಾತಿನ ಜೊತೆ ಅಂಕಾನೂ ಕೊಟ್ಟೋರಿಗೆ ಆ ಲಾಭ ಸಿಗ್ಲಿಲ್ಲ. ಕಾರ್ಡಿಂದ ಅಂಕ ತೆಗೆಯೋಕೆ ನಮ್ಮ ಕೈಲಾಗಲ್ಲ, ಯಾವ್ದು ಮೊದ್ಲು ಕಣ್ಣಿಗೆ ಬೀಳ್ಬೇಕು ಅನ್ನೋದು ಮಾತ್ರ ನಮ್ಮ ಕೈಲಿದೆ.

ಗೋಲಿ ಲೆಕ್ಕ ಕೇಳಿದ್ಮೇಲೆ 3 ಅಂದ್ನೋ 17 ಅಂದ್ನೋ ಸಂಜೆ ಮೆಸೇಜ್ ಹಾಕು. 17 ಅಂದಿದ್ರೆ ಕಡ್ಡಿ ಹುಡುಕ್ಕೊಂಡು ಓಡಾಡ್ಬೇಡ, ನನ್ನ ಹಳೇ ಕಟ್ಟುಗಳು ಅಟ್ಟದ ಮೇಲಿವೆ, ದಸರಾ ರಜಕ್ಕೆ ಬಂದಾಗ ತಗೊಂಡು ಹೋಗು.

ನಿನ್ನ ದೊಡ್ಡಮ್ಮ