ಬೋರ್ಡಿನ ತಪ್ಪಿಗೆ ಹುಡುಗನನ್ನು ಬೈಯಬೇಡಿ

ಮಾನ್ಯ ಸಂಪಾದಕರೇ,

ನಮ್ಮ ಕೈಗಾರಿಕಾ ಪ್ರದೇಶದಲ್ಲಿ ಮೊನ್ನೆ ಆದ ಅಪಘಾತದ ಸುದ್ದಿ ನಿಮ್ಮ ಪತ್ರಿಕೆಯಲ್ಲಿ ಬಂದಿದೆ. 'ಎಚ್ಚರಿಕೆ ಬೋರ್ಡ್ ಇದ್ದರೂ ಕಾರ್ಮಿಕನ ನಿರ್ಲಕ್ಷ್ಯ' ಎಂದು ಹಾಕಿದ್ದೀರಿ. ಆ ಮಷಿನ್ ಶಾಪಿನ ಸೂಪರ್‌ವೈಸರ್ ನಾನೇ. ಹುಡುಗ ನಿರ್ಲಕ್ಷ್ಯ ಮಾಡಿಲ್ಲ. ಬೋರ್ಡ್ ಓದಿದ್ದಾನೆ. ಓದಿ, ಅದರಲ್ಲಿ ಇದ್ದ ಹಾಗೇ ಮಾಡಿದ್ದಾನೆ. ಹಾಗೆ ಮಾಡಿದ್ದಕ್ಕೇ ಅವನ ಹೆಬ್ಬೆರಳು ಮುರಿದಿದೆ.

ಪಿಲ್ಲರ್ ಡ್ರಿಲ್ ಪಕ್ಕದ ಗೋಡೆಯ ಮೇಲೆ ಇರುವುದು ಎರಡೇ ಸಾಲು. ಮೇಲೆ 'ಕೈಗವಸು ಹಾಕಿ'. ಕೆಳಗೆ 'ಡ್ರಿಲ್ ಮುಟ್ಟಬೇಡಿ'. ಬರೆಸಿದವರ ಮನಸ್ಸಿನಲ್ಲಿ ಇದ್ದದ್ದು ಒಂದೇ ಮಾತು, ಗ್ಲೌಸ್ ಹಾಕಿಕೊಂಡು ಡ್ರಿಲ್ ಹತ್ತಿರ ಕೈ ತರಬೇಡಿ ಅಂತ. ಕೆಲಸಕ್ಕೆ ಸೇರಿ ಒಂಬತ್ತು ದಿನ ಆಗಿದ್ದ ಹುಡುಗನಿಗೆ ಅದು ಎರಡು ಮಾತಾಗಿ ಕಾಣಿಸಿತು. ಮೊದಲು ಗ್ಲೌಸ್ ಹಾಕಿ. ಆಮೇಲೆ, ಡ್ರಿಲ್ ಮುಟ್ಟಬೇಡಿ. ಅವನು ಹತ್ತಿಯ ಗ್ಲೌಸ್ ಹಾಕಿಕೊಂಡ. ತಿರುಗುವ ಡ್ರಿಲ್ ಬಿಟ್ಟನ್ನು ಮುಟ್ಟಲೂ ಇಲ್ಲ. ಪಕ್ಕದಲ್ಲಿ ಸುರುಳಿ ಸುರುಳಿಯಾಗಿ ಬೀಳುತ್ತಿದ್ದ ಲೋಹದ ಸಿಪ್ಪೆ, ಅಂದರೆ ಚಿಪ್ಸ್ ಸರಿಸೋಣ ಅಂತ ಕೈ ಚಾಚಿದ. ಚಿಪ್ಸಿನ ತುದಿ ಗ್ಲೌಸಿನ ನೂಲಿಗೆ ಸಿಕ್ಕಿತು. ಇನ್ನೊಂದು ತುದಿ ಬಿಟ್ಟಿಗೆ ಸುತ್ತಿಕೊಂಡೇ ಇತ್ತು.

ಗ್ಲೌಸ್ ಅಂದರೆ ಕೈಗೆ ಕಾವಲು ಅಂತ ಎಲ್ಲರೂ ಅಂದುಕೊಳ್ಳುತ್ತಾರೆ. ತಿರುಗುವ ಮಷಿನ್ ಹತ್ತಿರ ಅದೇ ಶತ್ರು. 12 ಮಿಲಿಮೀಟರ್ ಬಿಟ್ ಹಾಕಿ ಮೈಲ್ಡ್ ಸ್ಟೀಲಿಗೆ ತೂತು ಹೊಡೆಯುವಾಗ ಬಿಟ್ಟನ್ನು ಹಿಡಿದಿರುವ ಚಕ್ ನಿಮಿಷಕ್ಕೆ ಸುಮಾರು 600 ಸುತ್ತು ತಿರುಗುತ್ತದೆ. ಅಂದರೆ ಸೆಕೆಂಡಿಗೆ ಹತ್ತು. ಸಿಕ್ಕಿಕೊಂಡಿದೆ ಅಂತ ಗೊತ್ತಾಗಿ ಕೈ ಎಳೆದುಕೊಳ್ಳುವಷ್ಟರಲ್ಲಿ ಎರಡು ಮೂರು ಸುತ್ತು ಆಗಿಹೋಗಿರುತ್ತದೆ. ಬರಿಗೈ ಆಗಿದ್ದರೆ ಚರ್ಮ ಕೊಯ್ದುಕೊಳ್ಳುತ್ತಿತ್ತು. ಬಟ್ಟೆ ಇದ್ದದ್ದಕ್ಕೆ ಬೆರಳನ್ನೇ ಎಳೆದುಕೊಂಡಿತು.

ಆ ರಾತ್ರಿ ಪೂರ್ತಿ ನಾನು ಆಸ್ಪತ್ರೆ ಬೆಂಚಿನ ಮೇಲೆ ಕೂತಿದ್ದೆ. ಬೆಳಿಗ್ಗೆ ಪೊಲೀಸ್ ಠಾಣೆಗೆ ಹೋಗಿ ಹೇಳಿಕೆ ಕೊಟ್ಟೆ. ಮಧ್ಯಾಹ್ನ ಕಾರ್ಖಾನೆ ಇಲಾಖೆಯ ಕಚೇರಿಗೆ ಹೋದರೆ, ಸಾಹೇಬರು ಇಲ್ಲ, ನಾಳೆ ಬನ್ನಿ ಅಂದರು. ಮಾರನೇ ದಿನ ಹೋದರೆ ಫಾರಂ ಬೇರೆ ಅಂದರು. ಮೂರನೇ ಸಲ ಹೋಗುವಷ್ಟರಲ್ಲಿ ನಿಮ್ಮ ಪತ್ರಿಕೆ ಬಂದಿತ್ತು. ಅಲ್ಲಿನ ಗುಮಾಸ್ತರು ಅದನ್ನೇ ತೋರಿಸಿ, 'ಬೋರ್ಡ್ ಇತ್ತಂತಲ್ರೀ, ಇನ್ನೇನು?' ಅಂದರು. ಎರಡು ದಿನದ ಸಂಬಳ ಹೋಯಿತು. ಅದು ಹೋಗಲಿ. ಹುಡುಗನ ತಾಯಿ ಫೋನ್ ಮಾಡಿ, 'ಅಣ್ಣಾ, ನನ್ನ ಮಗ ಹೇಳಿದ ಮಾತು ಕೇಳಲಿಲ್ವಂತೆ, ಪೇಪರಲ್ಲಿ ಬಂದಿದೆಯಂತೆ' ಅಂತ ಅತ್ತರು. ಅವರಿಗೆ ನಾನು ಏನು ಹೇಳಲಿ?

ಈ ಬೋರ್ಡ್ ಹೀಗೆ ಆದದ್ದು ಹೇಗೆ ಅಂತಲೂ ಹೇಳಬೇಕು. ಮೊದಲು ಅಲ್ಲಿ ಪೇಂಟರ್ ಕೈಲಿ ಬರೆಸಿದ ಹಳೇ ಬೋರ್ಡ್ ಇತ್ತು. 'ಗ್ಲೌಸ್ ಹಾಕಿಕೊಂಡು ಡ್ರಿಲ್ ಮುಟ್ಟಬೇಡ.' ಅರ್ಥ ಸ್ಪಷ್ಟವಾಗಿತ್ತು. ಆದರೆ ಏಕವಚನ. ನಮ್ಮಲ್ಲಿ ಮೂವತ್ತು ವರ್ಷದಿಂದ ದುಡಿಯುತ್ತಿರುವ ಹಿರಿಯ ಆಪರೇಟರ್ ಒಬ್ಬರಿದ್ದಾರೆ. ಅವರಿಗೆ ಅದನ್ನು ಕಂಡರೆ ಆಗುತ್ತಿರಲಿಲ್ಲ. 'ಮನೇಲಿ ಮೊಮ್ಮಕ್ಕಳಿದ್ದಾರೆ ನನಗೆ. ಈ ಗೋಡೆ ನನ್ನನ್ನ ನೀನು ಅನ್ನುತ್ತೆ' ಅನ್ನುತ್ತಿದ್ದರು. ಅವರ ಮಾತಲ್ಲಿ ನ್ಯಾಯ ಇತ್ತು. ಅದಕ್ಕಿಂತ ದೊಡ್ಡ ತೊಂದರೆಯೂ ಇತ್ತು. ಗ್ರೈಂಡರ್ ಹತ್ತಿರ 'ಕನ್ನಡಕ ಹಾಕು' ಅಂತ ಇದ್ದ ಬೋರ್ಡನ್ನು ಅವರು ಲೆಕ್ಕಕ್ಕೇ ಇಟ್ಟಿರಲಿಲ್ಲ. ಕೇಳಿದರೆ, 'ಅದು ಹೆಲ್ಪರ್ ಹುಡುಗರಿಗೆ ಬರೆದಿರೋದು' ಅಂದರು. ಹಟಕ್ಕೆ ಹೇಳಿದ್ದಲ್ಲ, ನಿಜವಾಗಿ ಹಾಗೇ ತಿಳಿದುಕೊಂಡಿದ್ದರು. ಏಕವಚನ ಕಂಡ ಕೂಡಲೇ ದೊಡ್ಡವರಿಗೆ ಇದು ನನಗಲ್ಲ ಅನ್ನಿಸಿಬಿಡುತ್ತದೆ. ಅಲ್ಲಿಗೆ ಆ ಬೋರ್ಡ್ ಅವರ ಪಾಲಿಗೆ ಇಲ್ಲ.

ಹಾಗಂತ ಏಕವಚನ ಯಾವಾಗಲೂ ತಪ್ಪು ಅಂತ ನಾನು ಹೇಳುವುದಿಲ್ಲ. ಮೊನ್ನೆ ಹುಡುಗನ ಕೈ ಸಿಕ್ಕಾಗ ಅದೇ ಹಿರಿಯರು ಓಡಿ ಬಂದು ಕೆಂಪು ಬಟನ್ ಒತ್ತುತ್ತಾ, 'ಬಿಡೋ! ಅಲ್ಲಾಡಬೇಡ!' ಅಂತ ಕೂಗಿದರು. ಆ ಗಳಿಗೆಯಲ್ಲಿ ಯಾರು ಯಾರಿಗೆ ಹಾಗೆ ಕೂಗಿದರೂ ಬೇಜಾರಿಲ್ಲ. ಕೂಗು ಒಬ್ಬ ಮನುಷ್ಯನದು, ಆ ಕ್ಷಣದ್ದು. ಬೋರ್ಡ್ ಹಾಗಲ್ಲ. ಅದು ದಿನವಿಡೀ ನೇತಾಡುತ್ತಾ ಎಲ್ಲರಿಗೂ ಒಂದೇ ಮಾತು ಹೇಳುತ್ತದೆ.

ಹಾಗಾಗಿ ಬಹುವಚನಕ್ಕೆ ಬದಲಾಯಿಸಬೇಕು ಅಂದದ್ದು ಸರಿಯೇ. ಬದಲಾಯಿಸಿದ ರೀತಿ ತಪ್ಪು. ನಮ್ಮ ಕಾರ್ಖಾನೆಯ ಕಚೇರಿಯಿಂದ ಒಂದು ಸಾಲಿನ ಆದೇಶ ಬಂತು, ಎಲ್ಲ ಬೋರ್ಡ್ ಬಹುವಚನಕ್ಕೆ ಬದಲಾಯಿಸಿ ಅಂತ. ಮೇಜಿನ ಮುಂದೆ ಕೂತವರು ಯಾರೋ 'ಗ್ಲೌಸ್' ತೆಗೆದು 'ಕೈಗವಸು' ಮಾಡಿದರು. 'ಬೇಡ' ಹೋಗಿ 'ಬೇಡಿ' ಆಯಿತು. 'ಹಾಕಿಕೊಂಡು' ಉದ್ದವಾಯಿತು ಅಂತ ಅದನ್ನು 'ಹಾಕಿ' ಮಾಡಿ ಸಾಲು ಮುರಿದರು. ಮಷಿನ್ ಓಡಿಸುವವರಲ್ಲಿ ಒಬ್ಬರಿಗೂ ಓದಿ ತೋರಿಸಲಿಲ್ಲ.

ನಮ್ಮ ಕನ್ನಡದಲ್ಲಿ 'ಹಾಕಿ' ಅನ್ನುವುದು ಎರಡು ಕೆಲಸ ಮಾಡುತ್ತದೆ. ಗೌರವದಿಂದ 'ನೀವು ಹಾಕಿ' ಅನ್ನುವುದೂ ಅದೇ. 'ಹಾಕಿದ ಮೇಲೆ' ಅನ್ನುವ ಅರ್ಥವೂ ಅದೇ. ಶಾಲೆಯಲ್ಲಿ ಒಂದನ್ನು ವಿಧ್ಯರ್ಥ, ಇನ್ನೊಂದನ್ನು ಕೃದಂತಾವ್ಯಯ ಅಂತ ಬೇರೆ ಬೇರೆ ಪಾಠದಲ್ಲಿ ಕಲಿಸುತ್ತಾರೆ. ಗೋಡೆಯ ಮೇಲೆ ಎರಡೂ ಒಂದೇ ಥರ ಕಾಣುತ್ತವೆ. ಮಾಡಿ, ಒತ್ತಿ, ಮುಚ್ಚಿ, ಕಟ್ಟಿ, ನಿಲ್ಲಿಸಿ, ತಿರುಗಿಸಿ, ಎಲ್ಲಕ್ಕೂ ಇದೇ ಕಥೆ. ಇಡು, ಬಿಡು, ಕೊಡು ಇವಕ್ಕೆ ಈ ತೊಂದರೆ ಇಲ್ಲ. 'ಇಡಿ' ಬೇರೆ, 'ಇಟ್ಟು' ಬೇರೆ. ಏಕವಚನದಲ್ಲೂ ತೊಂದರೆ ಇರಲಿಲ್ಲ. 'ಹಾಕು' ಅಂದರೆ ಅಪ್ಪಣೆ, 'ಹಾಕಿ' ಅಂದರೆ ಹಾಕಿದ ಮೇಲೆ. ಗೌರವ ಕೊಡಲು ಹೋದಾಗಲೇ ಎರಡೂ ಕಲಸಿಹೋಗುವುದು.

ಎಲ್ಲ ಕಡೆ ಇದರಿಂದ ಅಪಾಯ ಇಲ್ಲ. 'ಮಷಿನ್ ನಿಲ್ಲಿಸಿ ಬ್ರಷ್‌ನಿಂದ ಚಿಪ್ಸ್ ತೆಗೆಯಿರಿ' ಅಂತ ಬರೆದರೆ ಹೇಗೆ ಓದಿದರೂ ಕೆಲಸ ಒಂದೇ. ಕೊನೆಯಲ್ಲಿ 'ಬೇಡಿ' ಬಂದಾಗ ಮಾತ್ರ ಕುತ್ತಿಗೆಗೆ ಬರುತ್ತದೆ. ಆ 'ಬೇಡಿ' ಮೊದಲಿನ ಕೆಲಸಕ್ಕೂ ಸೇರಿತೋ, ಬರೀ ಎರಡನೆಯದಕ್ಕೋ? ನಮ್ಮ ಪಂಪ್ ರೂಮಲ್ಲಿ 'ವಾಲ್ವ್ ಮುಚ್ಚಿ ಮೋಟಾರ್ ಚಾಲೂ ಮಾಡಬೇಡಿ' ಅಂತ ಇದೆ. ವಾಲ್ವ್ ಮುಚ್ಚಿರುವಾಗ ಚಾಲೂ ಮಾಡಬಾರದು ಅಂತ ಅದರ ಅರ್ಥ. ಹೊಸಬ ಅದನ್ನು ಓದಿ ಮೊದಲು ಹೋಗಿ ವಾಲ್ವ್ ಮುಚ್ಚಿ ಬಂದರೆ ಅವನ ತಪ್ಪು ಅಂತ ಹೇಗೆ ಹೇಳುತ್ತೀರಿ? ಈ ವಾರ ಶಾಪಿನಲ್ಲಿ ಇಂಥ ಬೋರ್ಡ್ ಎಷ್ಟಿವೆ ಅಂತ ಸುತ್ತಿ ನೋಡಿದೆ. ಐದು ಸಿಕ್ಕವು.

ಸರಿಮಾಡುವುದು ಕಷ್ಟ ಏನಲ್ಲ. ಮಾಡಬಾರದ ಕೆಲಸಕ್ಕೆ 'ಬಾರದು' ಸಾಕು. 'ಗ್ಲೌಸ್ ಹಾಕಿಕೊಂಡು ಡ್ರಿಲ್ ಮಷಿನ್ ಓಡಿಸಬಾರದು.' ಇದರಲ್ಲಿ ನೀನು ಇಲ್ಲ, ನೀವೂ ಇಲ್ಲ. ಮ್ಯಾನೇಜರಿಗೂ ಅದೇ, ಹೆಲ್ಪರಿಗೂ ಅದೇ. 'ಹಾಕಿಕೊಂಡು' ಅಂತ ಪೂರ್ತಿ ಬರೆದದ್ದಕ್ಕೆ ಬೇರೆ ಅರ್ಥಕ್ಕೆ ಜಾಗವೂ ಇಲ್ಲ. ಆದರೆ ಮಾಡಲೇಬೇಕಾದ ಕೆಲಸಕ್ಕೆ ಇದೇ ದಾರಿ ಹಿಡಿದು 'ಗಾರ್ಡ್ ಹಾಕಬೇಕು' ಅಂತ ಬರೆದರೆ ಸಾಲದು. ತಿರುಗುವ ಭಾಗವನ್ನು ಮುಚ್ಚುವ ಆ ಗಾರ್ಡನ್ನು ಯಾರು ಹಾಕಬೇಕು? ಹಿಂದಿನ ಶಿಫ್ಟಿನವರು ಹಾಕಿರಬೇಕಿತ್ತು ಅಂತ ಎಲ್ಲರೂ ಸುಮ್ನೆ ಇರುತ್ತಾರೆ. ಅಲ್ಲಿ ಓದುವವರನ್ನೇ ನೇರ ಕರೆದು ಹೇಳಬೇಕು, ಅದೂ 'ಇರಿ' ಸೇರಿಸಿ. 'ಗಾರ್ಡ್ ಹಾಕಿರಿ. ಆಮೇಲೆ ಸ್ವಿಚ್ ಒತ್ತಿರಿ.' ಒಂದು ಕೆಲಸಕ್ಕೆ ಒಂದು ವಾಕ್ಯ, ಕೊನೆಗೆ ಚುಕ್ಕಿ. 'ಹಾಕಿರಿ' ಅನ್ನುವುದು ಸ್ವಲ್ಪ ಪುಸ್ತಕದ ಮಾತಿನ ಹಾಗೆ ಕೇಳಿಸಬಹುದು. ಕೇಳಿಸಲಿ. ಉತ್ತರ ಕರ್ನಾಟಕದಿಂದ ಬಂದ ನಮ್ಮ ಹುಡುಗರಿಗೆ ಬಾಯಲ್ಲೇ 'ರಿ' ಇದೆ, ಅವರಿಗೆ ಅದು ತಮ್ಮ ಮಾತೇ ಅನ್ನಿಸುತ್ತದೆ. ಬರೆದಾದ ಮೇಲೆ ಶಾಪಿನ ಅತಿ ಹೊಸ ಹುಡುಗನಿಗೆ ತೋರಿಸಿ, ಈಗ ಏನು ಮಾಡ್ತೀಯಪ್ಪಾ ಅಂತ ಕೇಳಿದರೆ ಸರಿಯೋ ತಪ್ಪೋ ಅಲ್ಲೇ ಗೊತ್ತಾಗುತ್ತದೆ.

ಇದನ್ನು ಕಚೇರಿಯಲ್ಲಿ ಹೇಳಿದೆ. ಹಾಗಾದರೆ ಮುಂದೆ 'ದಯವಿಟ್ಟು' ಸೇರಿಸೋಣ ಅಂದರು! ದಯವಿಟ್ಟು ಅಂದರೆ ಅದು ಕೋರಿಕೆ. ಕೋರಿಕೆಯನ್ನು ಆಗಲ್ಲ ಅನ್ನಬಹುದು. ತಿರುಗುವ ಚಕ್ ಮುಂದೆ ಹಾಗೆ ಅನ್ನಲು ಬಿಡಬಾರದು. ಜೊತೆಗೆ, ಓಡಾಡುತ್ತಾ ಓದುವವರ ಕಣ್ಣು ಮೊದಲ ಪದದ ಮೇಲೆ ಬೀಳುತ್ತದೆ. ಅಲ್ಲಿ ಗ್ಲೌಸ್ ಇರಬೇಕು, ದಯೆ ಅಲ್ಲ.

ಇನ್ನು ಇಲಾಖೆಯವರು. 1948ರಲ್ಲೇ ಕಾರ್ಖಾನೆ ಕಾಯ್ದೆಯ 108ನೇ ಸೆಕ್ಷನ್‌ನಲ್ಲಿ, ಆ ಕಾಯ್ದೆಯಡಿ ಹಾಕುವ ನೋಟಿಸ್ ಇಂಗ್ಲಿಷಿನಲ್ಲೂ ಹೆಚ್ಚಿನ ಕಾರ್ಮಿಕರಿಗೆ ಅರ್ಥವಾಗುವ ಭಾಷೆಯಲ್ಲೂ ಇರಬೇಕು ಅಂತ ಬರೆದಿಟ್ಟರು. ಅರ್ಥವಾಗುವ ಭಾಷೆ, ಅಷ್ಟೇ. ತಪಾಸಣೆಗೆ ಬರುವವರು ಬೋರ್ಡ್ ಇದೆಯಾ ನೋಡುತ್ತಾರೆ, ಫೋಟೋ ತೆಗೆಯುತ್ತಾರೆ, ಹೋಗುತ್ತಾರೆ. ಓದಿ ನೋಡುವವರನ್ನು ನಾನು ಇವತ್ತಿನವರೆಗೆ ಕಂಡಿಲ್ಲ. ಗೇಟಿನಲ್ಲಿ 'ಸುರಕ್ಷತಾ ಪರಿಕರಗಳನ್ನು ಧರಿಸತಕ್ಕದ್ದು' ಅಂತ ಇದೆ. ಅದನ್ನು ಒಂದೇ ಸಲಕ್ಕೆ ಓದಿ ಹೇಳುವವರು ನಮ್ಮ ಶಿಫ್ಟಿನಲ್ಲಿ ಮೂರು ಜನ. ಬದಲಾಯಿಸಿ ಅಂತ ಎರಡು ಸಲ ಬರೆದುಕೊಟ್ಟೆ, ಉತ್ತರ ಇಲ್ಲ.

ನೀವು 'ನಿರ್ಲಕ್ಷ್ಯ' ಅನ್ನುವ ಪದ ವಾಪಸ್ ತೆಗೆದುಕೊಂಡು ಅಷ್ಟೇ ದೊಡ್ಡದಾಗಿ ಮತ್ತೆ ಪ್ರಕಟಿಸಬೇಕು. ಇಲಾಖೆಯವರು ಬೋರ್ಡ್ ಓದಲು ಕಲಿಯಬೇಕು, ಇಲ್ಲವೇ ಓದುವವರನ್ನು ಕಳಿಸಬೇಕು. ಬರೆಸಿದವರು ಯಾರು ಅಂತ ಯಾರಾದರೂ ಕೇಳಬೇಕು. ತನಿಖೆಗೆ ಬಂದವರು, ಅದು ಮುಗಿಯುವವರೆಗೆ ಆ ಬೋರ್ಡ್ ಕೀಳಬಾರದು ಅಂತ ಹೇಳಿ ಹೋಗಿದ್ದಾರೆ. ಡ್ರಿಲ್ ಮಾತ್ರ ಇವತ್ತೂ ಓಡುತ್ತಿದೆ. ನಾನು ಆ ಬೋರ್ಡಿನ ಮೇಲೆ ರಟ್ಟು ಅಂಟಿಸಿ, ಮಾರ್ಕರಿನಲ್ಲಿ 'ಗ್ಲೌಸ್ ಹಾಕಿಕೊಂಡು ಓಡಿಸಬಾರದು' ಅಂತ ಬರೆದಿದ್ದೇನೆ. ಯಾಕೆ ಬರೆದೆ ಅಂತ ಕೇಳಬೇಕಾದವರು ಬಂದು ಕೇಳಲಿ.

— ಮಷಿನ್ ಶಾಪಿನ ಒಬ್ಬ ಸೂಪರ್‌ವೈಸರ್