ರಾತ್ರಿಯ ಸದ್ದಿಗೆ ಮದ್ದು ಬೆಳಿಗ್ಗೆಯೇ ಆಗಬೇಕು: ವಾರ್ಡ್ ಸದಸ್ಯರಿಗೆ ಬಾಡಿಗೆದಾರರ ಬಹಿರಂಗ ಪತ್ರ

ಮಾನ್ಯ ಸದಸ್ಯರೇ,

ನಾವಿರುವ ಬಾಡಿಗೆ ಕಟ್ಟಡದ ಮಾಲೀಕರೇ ಪಕ್ಕದ ನಿವೇಶನದಲ್ಲಿ ಹೊಸ ಕಟ್ಟಡ ಕಟ್ಟಿಸುತ್ತಿದ್ದಾರೆ. ಸ್ಲ್ಯಾಬ್ ಹಾಕುವ ದಿನವೆಲ್ಲ ಕೆಲಸ ಮಧ್ಯರಾತ್ರಿ ದಾಟುತ್ತದೆ. ನಾವು ಬರೆದುಕೊಟ್ಟ ದೂರಿಗೆ ಪ್ರತಿಸಲವೂ ಅವರದು ಒಂದೇ ಉತ್ತರ: "ಕಾಂಕ್ರೀಟ್ ಅರ್ಧಕ್ಕೆ ನಿಲ್ಲಿಸೋಕಾಗಲ್ಲ."

ಆ ಮಾತು ನಿಜವೇ. ಮೊದಲು ಸುರಿದದ್ದು ಗಟ್ಟಿಯಾದ ಮೇಲೆ ಹೊಸದನ್ನು ಸುರಿದರೆ ಎರಡೂ ಸರಿಯಾಗಿ ಬೆಸೆಯುವುದಿಲ್ಲ. ಆ ಕೋಲ್ಡ್ ಜಾಯಿಂಟಿನಲ್ಲಿ ಮುಂದೆ ನೀರು ಜಿನುಗುತ್ತದೆ. ಹಾಗಾಗಿ ರಾತ್ರಿ ಹನ್ನೊಂದಕ್ಕೆ ಬಂದು ಕೆಲಸ ನಿಲ್ಲಿಸಿ ಎಂದು ನಾವು ಕೇಳುತ್ತಿಲ್ಲ. ನಮ್ಮ ತಕರಾರು ಇರುವುದು ಕೆಲಸ ಶುರುವಾಗುವ ಹೊತ್ತಿನ ಬಗ್ಗೆ.

ಕಳೆದ ಸ್ಲ್ಯಾಬಿಗೆ ಬೇಕಾದದ್ದು 60 ಘನ ಮೀಟರ್ ಕಾಂಕ್ರೀಟ್. ಲಾರಿಗೆ 6ರಂತೆ ಹತ್ತು ಲಾರಿ, ಒಂದೊಂದು ಖಾಲಿಯಾಗಲು ಅರ್ಧ ಗಂಟೆ, ಒಟ್ಟು ಐದು ಗಂಟೆ. ಶುರುವಾದದ್ದು ಸಂಜೆ ಐದಕ್ಕೆ. ಕೊನೆಯ ಲಾರಿ ಹೋದರೂ ಸದ್ದು ಮುಗಿಯುವುದಿಲ್ಲ, ಏಕೆಂದರೆ ಮೇಲ್ಮೈ ನಯ ಮಾಡುವ ಟ್ರೋವೆಲ್ ಯಂತ್ರವನ್ನು ಕಾಂಕ್ರೀಟ್ ಸ್ವಲ್ಪ ಬಿಗಿದ ಮೇಲೆಯೇ ಓಡಿಸಬೇಕು. ಅದಕ್ಕೆ ಮತ್ತೆ ಮೂರು ಗಂಟೆ ಹಿಡಿಯಿತು. ಅಂದಿನ ನಮ್ಮ ಟಿಪ್ಪಣಿ ಹೀಗಿದೆ: "10:05 ವೈಬ್ರೇಟರ್ ಬಂದ್. 1:10 ಟ್ರೋವೆಲ್ ಶುರು. 2:45 ಬಂದ್." ಇದೇ ಕೆಲಸ ಬೆಳಿಗ್ಗೆ ಎಂಟಕ್ಕೆ ಶುರುವಾಗಿದ್ದರೆ ಸಂಜೆ ಆರರೊಳಗೆ ಟ್ರೋವೆಲ್ ಕೂಡ ಮುಗಿದಿರುತ್ತಿತ್ತು.

ಮೊಬೈಲ್ ಆ್ಯಪಿನ ಡೆಸಿಬಲ್ ಅಂಕಿ ಕರಾರುವಾಕ್ಕಲ್ಲ ಎಂಬುದು ನಮಗೂ ಗೊತ್ತು. ಆದರೆ ಅದೇ ಫೋನನ್ನು ಅದೇ ಮಂಚದ ಪಕ್ಕ, ಕಿಟಕಿ ಮುಚ್ಚಿ ಇಟ್ಟಾಗ ನಿಶ್ಶಬ್ದದಲ್ಲಿ 34, ಟ್ರೋವೆಲ್ ಓಡುವಾಗ 58 ತೋರಿಸಿತು. ಅಂಕಿ ಹೆಚ್ಚುಕಮ್ಮಿ ಇರಬಹುದು, ಈ ಅಂತರವನ್ನು ತಳ್ಳಿಹಾಕಲಾಗದು. ವಿಶ್ವ ಆರೋಗ್ಯ ಸಂಸ್ಥೆ 1999ರಲ್ಲಿ ಮಲಗುವ ಕೋಣೆಗೆ ಹೇಳಿದ ಮಿತಿ ಸರಾಸರಿ 30, ಒಮ್ಮೆಲೇ ಏಳುವ ಸದ್ದಿಗೆ 45.

ಬೆಳಿಗ್ಗೆಯ ಕೆಲಸ ಸಂಜೆಗೆ ಜಾರುವುದು ಬಹುತೇಕ ಒಂದೇ ಕಾರಣಕ್ಕೆ. ಕಂಬಿ, ಸೆಂಟ್ರಿಂಗ್ ತಪಾಸಣೆಯನ್ನು ಅದೇ ದಿನಕ್ಕೆ ಇಟ್ಟುಕೊಳ್ಳುತ್ತಾರೆ. ಎಂಜಿನಿಯರು ಬಂದು ನಾಲ್ಕು ಕಡೆ ಕಂಬಿ ಸರಿಪಡಿಸಲು ಹೇಳಿದರೆ ಮಧ್ಯಾಹ್ನ ಅಲ್ಲೇ ಕಳೆಯಿತು. ಅಷ್ಟರಲ್ಲಿ ಲಾರಿಗಳು ಹೊರಟಿರುತ್ತವೆ, ಮುಂದೂಡಲು ಯಾರಿಗೂ ಮನಸ್ಸಿರುವುದಿಲ್ಲ.

ಆದ್ದರಿಂದ ಮಾಲೀಕರಿಂದ ಮೂರು ಮಾತನ್ನು ಲಿಖಿತವಾಗಿ ಪಡೆಯಿರಿ. ತಪಾಸಣೆ ಹಿಂದಿನ ದಿನವೇ ಮುಗಿದು ಎಂಜಿನಿಯರ ಸಹಿ ಆಗಿರಬೇಕು, ಅದಾಗದೆ ಲಾರಿಗೆ ಹೇಳಬಾರದು. ಮೊದಲ ಲಾರಿ ಬೆಳಿಗ್ಗೆ ಹತ್ತರೊಳಗೆ ಬರದಿದ್ದರೆ ಸ್ಲ್ಯಾಬ್ ಮರುದಿನಕ್ಕೆ ಹೋಗಬೇಕು. ಒಂದು ದಿನದಲ್ಲಿ ಮುಗಿಯದಷ್ಟು ದೊಡ್ಡದಾದರೆ, ಜಾಯಿಂಟ್ ಎಲ್ಲಿ ಬರಬೇಕೆಂದು ವಿನ್ಯಾಸಗಾರರಿಂದ ಮೊದಲೇ ಗುರುತು ಮಾಡಿಸಿ ಎರಡು ದಿನದಲ್ಲಿ ಹಾಕಲಿ. ಹೀಗೆ ಯೋಜಿಸಿದ ಜಾಯಿಂಟಿನಿಂದ ಕಟ್ಟಡಕ್ಕೆ ತೊಂದರೆಯಿಲ್ಲ. "ಗುತ್ತಿಗೆದಾರರನ್ನು ಕೇಳಿ" ಎಂದು ಮಾಲೀಕರು ಜಾರಿಕೊಳ್ಳಲು ಬಿಡಬೇಡಿ, ಬಿಲ್ ಪಾಸು ಮಾಡುವವರು ಅವರೇ.

ಮುಂದಿನ ಸ್ಲ್ಯಾಬಿಗೆ ಕಂಬಿ ಕಟ್ಟುವುದು ಶುರುವಾಗಿದೆ. ದಿನ ಗೊತ್ತುಮಾಡುವ ಮೊದಲೇ ಮಾಲೀಕರನ್ನೂ ಅವರ ಎಂಜಿನಿಯರನ್ನೂ ಕರೆಸಿ ಮಾತಾಡಿ. ನಮ್ಮ ಟಿಪ್ಪಣಿಗಳ ಪ್ರತಿ ತಂದುಕೊಡುತ್ತೇವೆ.

ಇಂತಿ,
ಕಟ್ಟಡದ ಬಾಡಿಗೆದಾರರು