ಬ್ಯಾಂಕಿನವನ ಕೈಗೆ ಕೊಟ್ಟರೆ ಬ್ಯಾಂಕಿಗೆ ಕೊಟ್ಟಂತಲ್ಲ

ಮಾನ್ಯ ಸಂಪಾದಕರೇ,

ನಮ್ಮ ಬೀದಿಯ ಅಜ್ಜಿಯೊಬ್ಬರು ಪರಿಚಯದ ಬ್ಯಾಂಕ್ ನೌಕರನನ್ನು ಮನೆಗೇ ಕರೆದು ಹಣ, ಪಾಸ್‌ಬುಕ್ ಎರಡನ್ನೂ ಕೊಡುತ್ತಾರೆ. ಕೇಳಿದರೆ, ‘ಬ್ಯಾಂಕಿನವನೇ ಅಲ್ವಾ? ಏನಾದರೂ ಆದರೆ ಬ್ಯಾಂಕ್ ಕೊಡುತ್ತದೆ’ ಎನ್ನುತ್ತಾರೆ. ಅವರ ಈ ನಂಬಿಕೆ ಕಂಡು ನನಗೆ ಭಯವಾಗುತ್ತದೆ.

ನೌಕರ ವಹಿಸಿದ ಕೆಲಸ ಮಾಡುವಾಗ ತಪ್ಪು ಮಾಡಿದರೆ ಮಾಲೀಕನೂ ಹೊಣೆ. ಅದು ಮೋಸವಾದರೂ ಸರಿ. ಆದರೆ ಅದು ವಹಿಸಿದ ಕೆಲಸವೇ ಆಗಿರಬೇಕು. ಅಲಹಾಬಾದಿನ ಸ್ಟೇಟ್ ಬ್ಯಾಂಕ್ ಪ್ರಕರಣದಲ್ಲಿ 1978ರಲ್ಲಿ ಸುಪ್ರೀಂ ಕೋರ್ಟ್ ನೋಡಿದ್ದು ಇದನ್ನೇ. ಗ್ರಾಹಕಿಯ ಗಂಡ, ಗೆಳೆಯನಾಗಿದ್ದ ಬ್ಯಾಂಕ್ ನೌಕರನಿಗೆ ನಗದು ಮತ್ತು ಚೆಕ್ ಕೊಟ್ಟಿದ್ದರು. ರಸೀದಿ ಪಡೆದಿರಲಿಲ್ಲ. ಅವನು ಪಾಸ್‌ಬುಕ್ಕಿನಲ್ಲಿ ಸುಳ್ಳು ಲೆಕ್ಕ ಬರೆದು ಹಣ ನುಂಗಿದ. ಉಳಿತಾಯ ಖಾತೆಯ ಕೌಂಟರ್ ಅವನ ಕೆಲಸವಾಗಿರಲಿಲ್ಲ. ಹಣ ಕೊಟ್ಟದ್ದು ಗೆಳೆಯನಿಗೆ, ಬ್ಯಾಂಕಿಗಲ್ಲ ಎಂದು ಕೋರ್ಟ್ ಹೇಳಿತು. ಬ್ಯಾಂಕಿನ ಕೆಲಸ ಅವನಿಗೆ ಮೋಸಕ್ಕೆ ಅವಕಾಶ ಕೊಟ್ಟಿತ್ತು ಅನ್ನುವುದಷ್ಟೇ ಸಾಲಲಿಲ್ಲ. ಬ್ಯಾಂಕ್ ಗೆದ್ದಿತು.

ಅದೇ ಹಣವನ್ನು ಕೌಂಟರಿನಲ್ಲಿ ಕಟ್ಟಿ, ಸೀಲು ಹಾಕಿದ ಚಲನ್ ಪಡೆದಿದ್ದರೆ? ಕ್ಯಾಷಿಯರ್ ಅದನ್ನು ಜೇಬಿಗೆ ಹಾಕಿಕೊಂಡರೂ ಬ್ಯಾಂಕೇ ಉತ್ತರ ಕೊಡಬೇಕಾಗುತ್ತಿತ್ತು. ಹಣ ಪಡೆಯುವುದು ಅವನಿಗೆ ವಹಿಸಿದ ಕೆಲಸ.

ಕೆಲವು ಬ್ಯಾಂಕುಗಳು ಮನೆಗೇ ಬಂದು ಹಣ ಪಡೆಯಲು ತಮ್ಮವರನ್ನು ನೇಮಿಸುತ್ತವೆ, ಆಗ ಮಾತು ಬೇರೆ. ಹಾಗಾಗಿ ಯಾರಿಗೆ ಹಣ ಪಡೆಯುವ ಅಧಿಕಾರವಿದೆ, ಯಾವ ರಸೀದಿ ಕೊಡಬೇಕು ಎಂದು ಪ್ರತಿ ಶಾಖೆಯೂ ಬಾಗಿಲಲ್ಲೇ ದಪ್ಪ ಕನ್ನಡ ಅಕ್ಷರದಲ್ಲಿ ಬರೆದು ಹಾಕಲಿ.

– ಓದುಗ, ಶಿವಮೊಗ್ಗ